‘ಸ್ಮಾರ್ಟ್ ನೀರಾವರಿ’ ಪತ್ರಕ್ಕೆ ಮೊದಲು ಸಹಿ ಹಾಕಲಿಲ್ಲ, ಆಮೇಲೆ ಹಾಕಿದೆ

ಏಳನೇ ಸೆಮಿಸ್ಟರ್ ಶುರುವಾಗಿ ಎರಡು ವಾರ ಕಳೆಯುವಷ್ಟರಲ್ಲಿ ನನ್ನ ಮೇಜಿನ ಮೇಲೆ ಅಂತಿಮ ವರ್ಷದ ಪ್ರಾಜೆಕ್ಟಿಗೆ ಅನುಮೋದನೆ ಕೋರುವ ಪತ್ರಗಳು ಬೀಳತೊಡಗುತ್ತವೆ. ನಾಲ್ಕು ಜನರ ತಂಡ, ಒಂದು ಪುಟದ ಪತ್ರ, ಹಿಂದೆ ಪಿನ್ ಹೊಡೆದ ಸಿನಾಪ್ಸಿಸ್. ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ಗೈಡ್ ಆಗಿ ನಾನು ಮಾಡಬೇಕಾದದ್ದು ಓದಿ ಸಹಿ ಹಾಕುವುದು ಅಥವಾ ಹಾಕದೆ ಇರುವುದು. ಈ ಪತ್ರವನ್ನು ಒಂದು ಶಾಸ್ತ್ರ ಎಂದು ವಿದ್ಯಾರ್ಥಿಗಳು ತಿಳಿದಿರುತ್ತಾರೆ. ಹಿಂದಿನ ವರ್ಷದವರ ಪತ್ರ ತಂದು ಹೆಸರು, ನೋಂದಣಿ ಸಂಖ್ಯೆಯಾದ ಯುಎಸ್‌ಎನ್ ಬದಲಿಸಿದರೆ ಕೆಲಸ ಮುಗಿಯಿತು. ಒಮ್ಮೆ ಒಂದು ಪತ್ರದಲ್ಲಿ ಹಿಂದಿನ ವರ್ಷದ ಗೈಡ್ ಹೆಸರೂ ಹಾಗೆಯೇ ಉಳಿದಿತ್ತು.

ಪತ್ರ ಶಾಸ್ತ್ರವಾಗದೆ ಕೆಲಸಕ್ಕೆ ಬರಬೇಕಾದರೆ ಅದರೊಳಗೆ ಏನಿರಬೇಕು ಎನ್ನುವುದನ್ನು ಒಂದೇ ಉದಾಹರಣೆಯಲ್ಲಿ ತೋರಿಸುತ್ತೇನೆ. ತಂಡದ ಗುರುತು ಸಿಗದ ಹಾಗೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ನಮ್ಮಲ್ಲಿ ಪತ್ರಗಳು ಇಂಗ್ಲಿಷಿನಲ್ಲೇ ಬರುತ್ತವೆ. ಅವರ ಪತ್ರವನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗಿತ್ತು:

“ಮಾನ್ಯರೇ, ವಿಷಯ: ಅಂತಿಮ ವರ್ಷದ ಪ್ರಾಜೆಕ್ಟ್‌ಗೆ ಅನುಮೋದನೆ ಕೋರಿ. ನಾವು ‘ಐಒಟಿ ಆಧಾರಿತ ಸ್ಮಾರ್ಟ್ ನೀರಾವರಿ ವ್ಯವಸ್ಥೆ’ ಎಂಬ ವಿಷಯದ ಮೇಲೆ ಪ್ರಾಜೆಕ್ಟ್ ಮಾಡಲು ಬಯಸಿದ್ದೇವೆ. ಭಾರತ ಕೃಷಿ ಪ್ರಧಾನ ದೇಶ. ನೀರಿನ ಕೊರತೆ ಇಂದಿನ ದೊಡ್ಡ ಸಮಸ್ಯೆ. ನಮ್ಮ ವ್ಯವಸ್ಥೆ ಮಣ್ಣಿನ ತೇವಾಂಶವನ್ನು ಸೆನ್ಸರ್‌ನಿಂದ ಅಳೆದು, ಅದು 40 ಪ್ರತಿಶತಕ್ಕಿಂತ ಕಡಿಮೆಯಾದಾಗ ಪಂಪನ್ನು ತಾನಾಗಿಯೇ ಚಾಲೂ ಮಾಡುತ್ತದೆ. ರೈತರು ಮೊಬೈಲಿನಲ್ಲಿ ಎಲ್ಲವನ್ನೂ ನೋಡಬಹುದು. ದಯವಿಟ್ಟು ಅನುಮೋದನೆ ನೀಡಬೇಕಾಗಿ ವಿನಂತಿ.”

ವ್ಯಾಕರಣ ಸರಿಯಿದೆ, ವಿನಯವೂ ಇದೆ. ಆದರೂ ನನಗೆ ಸಹಿ ಹಾಕಲಾಗಲಿಲ್ಲ. ವಿಷಯ ಹಳೆಯದು ಎಂಬುದು ಅದಕ್ಕೆ ಕಾರಣವಲ್ಲ. ಹಳೆಯ ವಿಷಯದ ಮೇಲೆ ಒಳ್ಳೆಯ ಪ್ರಾಜೆಕ್ಟ್ ಆಗುತ್ತದೆ, ಹೊಸ ವಿಷಯದ ಮೇಲೆ ಕೆಟ್ಟ ಪ್ರಾಜೆಕ್ಟೂ ಆಗುತ್ತದೆ. ತೊಡಕು ಇದ್ದದ್ದು ಬೇರೆಡೆ: ಈ ಪತ್ರದಲ್ಲಿ ‘ಇಲ್ಲ’ ಎನ್ನಲು ಏನೂ ಇರಲಿಲ್ಲ. ನೀರು ಉಳಿಯಬಾರದು ಎಂದು ಯಾವ ಗೈಡ್ ಹೇಳುತ್ತಾನೆ? ಬೇಡ ಎನ್ನಲು ಆಸ್ಪದವಿಲ್ಲದ ಮಾತಿಗೆ ಹೌದು ಎಂದರೂ ಅದಕ್ಕೆ ಅರ್ಥವಿರುವುದಿಲ್ಲ. ಎಂಟನೇ ಸೆಮಿಸ್ಟರ್‌ನ ಕೊನೆಗೆ ಹೊರಗಿನ ಪರೀಕ್ಷಕರು ಬಂದು “ಇದರಿಂದ ಏನು ತಿಳಿಯಿತು?” ಎಂದು ಕೇಳಿದರೆ ತಂಡ ಪಂಪನ್ನು ಒಮ್ಮೆ ಚಾಲೂ ಮಾಡಿ ತೋರಿಸುತ್ತದೆ, ಅಷ್ಟೇ.

ಇಡೀ ಪತ್ರದಲ್ಲಿ ಹಿಡಿದು ಕೇಳಬಹುದಾದದ್ದು ಒಂದೇ ಒಂದು ಅಂಕಿ, 40. ಅದನ್ನೇ ಹಿಡಿದೆ.

“40 ಪ್ರತಿಶತ ಅಂದರೆ ಯಾವುದರ ಪ್ರತಿಶತ?”

“ತೇವಾಂಶದ್ದು ಸರ್.”

“ಎಷ್ಟು ತೇವಾಂಶ ಇದ್ದರೆ ನೂರು?”

ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಳು ಲ್ಯಾಪ್‌ಟಾಪ್ ತೆರೆದು ಪ್ರೋಗ್ರಾಂ ತೋರಿಸಿದಳು. ಅದರ ಹೃದಯ ಈ ಒಂದು ಸಾಲು:

```
moisture = map(reading, 3200, 1400, 0, 100);
```

3200 ಎಂದರೆ ಸೆನ್ಸರನ್ನು ಗಾಳಿಯಲ್ಲಿ ಹಿಡಿದಾಗ ಬಂದ ಅಂಕಿ. 1400 ಎಂದರೆ ಅದನ್ನು ಲೋಟದ ನೀರಿನಲ್ಲಿ ಅದ್ದಿದಾಗ ಬಂದದ್ದು. ನಡುವಿನ ಅಂತರವನ್ನು ನೂರು ಸಮಪಾಲು ಮಾಡಿದ್ದಾರೆ. ಇಂಟರ್‌ನೆಟ್‌ನಲ್ಲಿ ಸಿಗುವ ಹೆಚ್ಚಿನ ಮಾದರಿಗಳು ಮಾಡುವುದೂ ಇದನ್ನೇ. ಹಾಗಾಗಿ ಅವರ 40 ಎನ್ನುವುದು ಗಾಳಿಗೂ ಲೋಟದ ನೀರಿಗೂ ನಡುವಿನ ಒಂದು ಗುರುತು ಮಾತ್ರ. ಹೊಲದಲ್ಲಿ ಗಾಳಿಯೂ ಇಲ್ಲ, ಲೋಟವೂ ಇಲ್ಲ. ಇರುವುದು ಮಣ್ಣು, ಮಣ್ಣಿನ ಹೆಸರು ಪತ್ರದಲ್ಲಿ ಎಲ್ಲೂ ಇರಲಿಲ್ಲ.

ಆ 40 ನಿಜವಾಗಿಯೇ ಮಣ್ಣಿನ ಗಾತ್ರದಲ್ಲಿ ನೂರಕ್ಕೆ 40 ಪಾಲು ನೀರು ಎಂದಿಟ್ಟುಕೊಂಡರೆ ಕತೆ ಇನ್ನೂ ವಿಚಿತ್ರವಾಗುತ್ತದೆ. ಮರಳು ಹೆಚ್ಚಿರುವ ಕೆಂಪು ಮಣ್ಣು, ನಮ್ಮ ಕಡೆಯವರು ಮಸಾರಿ ಎನ್ನುವುದು, ಮಳೆ ನಿಂತು ಹೆಚ್ಚುವರಿ ನೀರು ಬಸಿದ ಮೇಲೆ ಹಿಡಿದಿಟ್ಟುಕೊಳ್ಳುವುದು ಹದಿನೈದರಿಂದ ಇಪ್ಪತ್ತು ಪಾಲಿನ ಆಸುಪಾಸು. ಅದರ ರಂಧ್ರಗಳೆಲ್ಲ ನೀರು ತುಂಬಿ ಕೆಸರಾದರೂ ನಲವತ್ತಮೂರರ ಹತ್ತಿರ ನಿಲ್ಲುತ್ತದೆ. ಅಂದರೆ ಇವರ ಯಂತ್ರವನ್ನು ಮಸಾರಿ ಹೊಲದಲ್ಲಿ ಇಟ್ಟರೆ ಹೊಲ ಕೆಸರಾಗುವವರೆಗೂ ಪಂಪು ನಿಲ್ಲುವುದೇ ಇಲ್ಲ. ಎರೆ ಎನ್ನುವ ಕಪ್ಪು ಮಣ್ಣಿನ ಕತೆ ಬೇರೆ. ಅದು ಜೇಡಿಯಾದ್ದರಿಂದ ಇಪ್ಪತ್ತೈದು ಪಾಲು ನೀರಿದ್ದಾಗಲೂ ಗಿಡ ಬಾಡುವ ಸ್ಥಿತಿಗೆ ಹತ್ತಿರವಿರಬಹುದು, ಏಕೆಂದರೆ ಆ ನೀರಿನಲ್ಲಿ ಬಹುಪಾಲನ್ನು ಮಣ್ಣು ಬಿಗಿಯಾಗಿ ಹಿಡಿದುಕೊಂಡಿರುತ್ತದೆ, ಬೇರಿಗೆ ಬಿಡುವುದಿಲ್ಲ. ಧಾರವಾಡದ ಪೂರ್ವಕ್ಕೆ ಹೋದರೆ ಎರೆ, ಪಶ್ಚಿಮಕ್ಕೆ ಹೋದರೆ ಕೆಂಪು. ಕಾಲೇಜಿನಿಂದ ಎರಡೂ ಬಸ್ಸಿನ ದೂರದಲ್ಲಿವೆ. ತಂಡದಲ್ಲಿ ಒಬ್ಬನ ಮನೆಯವರು ಎರೆ ಹೊಲದವರು, ಇನ್ನೊಬ್ಬಳದು ಮಸಾರಿ. ಆ ವಿಷಯವೂ ಪತ್ರದಲ್ಲಿ ಇರಲಿಲ್ಲ.

ಇಲ್ಲಿಂದ ಮಾತು ಬೇರೆ ದಾರಿ ಹಿಡಿಯಿತು. ಎರೆ ಹೊಲದ ಹುಡುಗ ಹೇಳಿದ: “ಸರ್, ರಜೆಯಲ್ಲಿ ಸೆನ್ಸರನ್ನು ಹೊಲದಲ್ಲಿ ಚುಚ್ಚಿ ನೋಡಿದ್ದೆ. ಒಂದೇ ಜಾಗದಲ್ಲಿ ಎರಡು ಸಲ ಚುಚ್ಚಿದರೆ ಎರಡು ಉತ್ತರ ಬರುತ್ತಿತ್ತು. ಸೆನ್ಸರ್ ಕೆಟ್ಟಿದೆ ಅಂದುಕೊಂಡೆ.” ಸೆನ್ಸರ್ ಕೆಟ್ಟಿರಲಿಲ್ಲ. ಪ್ರಾಜೆಕ್ಟ್ ಅಲ್ಲೇ ಇತ್ತು, ಅವನಿಗೆ ಗೊತ್ತಿರಲಿಲ್ಲ.

ಏಕೆ ಹಾಗಾಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಪತ್ರದ ಎರಡನೇ ರೂಪ ಇದರ ಮೇಲೆಯೇ ನಿಂತಿದೆ. ನೂರು ರೂಪಾಯಿ ಆಸುಪಾಸಿಗೆ ಸಿಗುವ ಕೆಪಾಸಿಟಿವ್ ಸೆನ್ಸರ್ ನೀರನ್ನು ನೇರವಾಗಿ ಅಳೆಯುವುದಿಲ್ಲ. ಅದು ತನ್ನ ಸುತ್ತಲಿನ ವಸ್ತು ವಿದ್ಯುತ್ ಕ್ಷೇತ್ರಕ್ಕೆ ಎಷ್ಟು ಸ್ಪಂದಿಸುತ್ತದೆ ಎಂಬುದನ್ನು ಅಳೆಯುತ್ತದೆ. ಈ ಗುಣಕ್ಕೆ ಡೈಎಲೆಕ್ಟ್ರಿಕ್ ಸ್ಥಿರಾಂಕ ಎನ್ನುತ್ತಾರೆ. ಗಾಳಿಗೆ ಅದು 1, ಒಣ ಮಣ್ಣಿಗೆ 3ರಿಂದ 5, ನೀರಿಗೆ ಸುಮಾರು 80. ವ್ಯತ್ಯಾಸ ಇಷ್ಟು ದೊಡ್ಡದಾದ್ದರಿಂದಲೇ ಈ ಉಪಾಯ ನಡೆಯುತ್ತದೆ. ನೀರು ಹೆಚ್ಚಾದಂತೆ ಸೆನ್ಸರ್ ಹೊರಗೆ ಕೊಡುವ ವೋಲ್ಟೇಜ್ ಇಳಿಯುತ್ತದೆ.

ಆದರೆ ಜೇಡಿ ಕಣಗಳಿಗೆ ಅಂಟಿಕೊಂಡ ನೀರು ಲೋಟದ ನೀರಿನಂತೆ ವರ್ತಿಸುವುದಿಲ್ಲ. ಮಣ್ಣಿನ ಲವಣವೂ ನಡುವೆ ಕೈಯಾಡಿಸುತ್ತದೆ. ಇದಕ್ಕಿಂತ ದೊಡ್ಡ ತಂಟೆ ಎಂದರೆ ಎರೆ ಮಣ್ಣು ಒಣಗುವಾಗ ಕುಗ್ಗಿ ಬಿರಿಯುವುದು. ಬಿರುಕು ಸೆನ್ಸರಿನ ಪಕ್ಕದಲ್ಲಿ ಬಿಟ್ಟರೆ ಅದಕ್ಕೆ ತಾಗುವುದು ಮಣ್ಣಲ್ಲ, ಗಾಳಿ. ಕೂದಲೆಳೆಯ ಸಂದು ಸಾಕು, ಸೆನ್ಸರ್ ‘ಒಣಗಿದೆ’ ಎನ್ನುತ್ತದೆ. ಎರಡು ಸಲ ಚುಚ್ಚಿದಾಗ ಎರಡು ಉತ್ತರ ಬರುವುದು ಹೀಗೆ. ಗುರುತಿಸುವ ಬಗೆಯೂ ಸರಳ: ಮಣ್ಣು ನಿಧಾನವಾಗಿ ಒಣಗಿದರೆ ಅಂಕಿ ನಿಧಾನವಾಗಿ ಏರುತ್ತದೆ. ಸಂದು ಬಿಟ್ಟರೆ ಒಮ್ಮೆಲೇ ಹಾರುತ್ತದೆ.

ಇದು ಎಷ್ಟು ಮುಖ್ಯ? ನಾನು ಅವರಿಂದಲೇ ಲೆಕ್ಕ ಹಾಕಿಸಿದೆ. ಸೆನ್ಸರ್ ಐದು ಪಾಲು ತಪ್ಪು ಹೇಳುತ್ತದೆ ಎಂದುಕೊಳ್ಳಿ, ನೂರಕ್ಕೆ 20 ಇದ್ದದ್ದನ್ನು 15 ಎನ್ನುತ್ತದೆ. ಬೇರು ಇಳಿಯುವ ಆಳ 30 ಸೆಂಟಿಮೀಟರ್. ಅದರ ಐದು ಪಾಲು ಎಂದರೆ 15 ಮಿಲಿಮೀಟರ್ ನೀರು, ಅಂದರೆ ಚದರ ಮೀಟರಿಗೆ 15 ಲೀಟರ್. ಒಂದು ಎಕರೆ ಸುಮಾರು 4,047 ಚದರ ಮೀಟರ್. ಗುಣಿಸಿದರೆ ಅರವತ್ತು ಸಾವಿರ ಲೀಟರಿಗೂ ಮಿಕ್ಕುತ್ತದೆ. ಸೆಕೆಂಡಿಗೆ ಎರಡೂವರೆ ಲೀಟರ್ ಎತ್ತುವ ಪಂಪಾದರೆ ಆರೂಮುಕ್ಕಾಲು ಗಂಟೆ ವ್ಯರ್ಥವಾಗಿ ಓಡಬೇಕು. ಮಸಾರಿ ಹೊಲದ ಹುಡುಗಿ ತಲೆಯೆತ್ತಿ, “ನಮಗೆ ತ್ರೀಫೇಸ್ ಕರೆಂಟು ಅಷ್ಟು ಹೊತ್ತು ಇರುವುದೇ ಇಲ್ಲ ಸರ್” ಎಂದಳು. ‘ನೀರಿನ ಕೊರತೆ ಇಂದಿನ ದೊಡ್ಡ ಸಮಸ್ಯೆ’ ಎಂಬ ವಾಕ್ಯಕ್ಕಿಂತ ಈ ಲೆಕ್ಕ ನನಗೆ ಹೆಚ್ಚು ಹೇಳಿತು.

ಹಾಗಾದರೆ ಪ್ರಶ್ನೆ ಯಾವುದು? ಒಂದೇ ಸೆನ್ಸರ್ ಎರೆ ಮಣ್ಣಿಗೂ ಮಸಾರಿಗೂ ಒಂದೇ ಲೆಕ್ಕದಲ್ಲಿ ಸಾಕಾಗುತ್ತದೆಯೋ, ಇಲ್ಲ ಎರಡಕ್ಕೂ ಬೇರೆ ಬೇರೆ ಲೆಕ್ಕ ಬೇಕೋ? ಬೇಕಾದರೆ, ಬೇರೆ ಮಾಡಿದಾಗ ತಪ್ಪು ಎಷ್ಟು ಇಳಿಯುತ್ತದೆ? ಇದಕ್ಕೆ ‘ಇಲ್ಲ’ ಎನ್ನಬಹುದು. ಅಳೆಯಲು ಆಗುವುದಿಲ್ಲ, ಉಪಕರಣ ಇಲ್ಲ, ಸಮಯ ಸಾಲದು ಎಂದೆಲ್ಲ ಆಕ್ಷೇಪಿಸಬಹುದು. ಆಕ್ಷೇಪಿಸಲು ಆಗುವುದರಿಂದಲೇ ಒಪ್ಪಲೂ ಆಗುತ್ತದೆ.

ಪಂಪು, ಮೊಬೈಲ್ ಆ್ಯಪ್, ಎಸ್‌ಎಂಎಸ್ ಎಲ್ಲವನ್ನೂ ನಾನು ತೆಗೆಸಿದೆ. ತಂಡಕ್ಕೆ ಬೇಸರವಾಯಿತು. ಎಷ್ಟು ತೇವಕ್ಕೆ ಪಂಪು ಚಾಲೂ ಆಗಬೇಕು ಎನ್ನುವುದು ಬೆಳೆ, ಬೇರಿನ ಆಳ, ಹವೆ ಎಲ್ಲವನ್ನೂ ಕೇಳುವ ಇನ್ನೊಂದು ಪ್ರಶ್ನೆ. ಎರಡನ್ನೂ ಒಂದೇ ಪ್ರಾಜೆಕ್ಟಿನಲ್ಲಿ ತುರುಕಿದರೆ ಎರಡೂ ಅರೆಬೆಂದಿರುತ್ತವೆ. “ಎಂಟನೇ ಸೆಮಿಸ್ಟರಿನಲ್ಲಿ ಸಮಯ ಉಳಿದರೆ ಪಂಪು ಜೋಡಿಸಿ” ಎಂದೆ. ನಿಜ ಹೇಳಬೇಕೆಂದರೆ, ಉಳಿಯುವುದಿಲ್ಲ ಎಂದು ಗೊತ್ತಿದ್ದೇ ಹೇಳಿದೆ.

ಇನ್ನು ಅಳೆಯುವ ಕ್ರಮ. ಸೆನ್ಸರ್ ಹೇಳಿದ್ದು ಸರಿಯೇ ಎಂದು ತಿಳಿಯಲು ಅದಕ್ಕಿಂತ ನಂಬಿಕೆಯ ಇನ್ನೊಂದು ಅಳತೆ ಬೇಕು. ಮಣ್ಣಿಗೆ ಅಂಥ ಅಳತೆ ಬಹಳ ಹಳೆಯದು, ಬಹಳ ಸರಳ. ಹಸಿ ಮಣ್ಣನ್ನು ಮುಚ್ಚಳದ ಡಬ್ಬಿಯಲ್ಲಿ ತೂಗು, ಮುಚ್ಚಳ ತೆಗೆದು ಪ್ರಯೋಗಾಲಯದ ಓವನ್ ಒಲೆಯಲ್ಲಿ 105ರಿಂದ 110 ಡಿಗ್ರಿಯಲ್ಲಿ ಒಂದು ದಿನ ಇಟ್ಟು ಒಣಗಿಸು, ಮತ್ತೆ ತೂಗು. ಕಳೆದುಹೋದ ತೂಕವೇ ನೀರು. ಸಿವಿಲ್ ವಿಭಾಗದ ಮಣ್ಣಿನ ಪ್ರಯೋಗಾಲಯದಲ್ಲಿ ಇದು ದಿನನಿತ್ಯದ ಕೆಲಸ. ಎಲೆಕ್ಟ್ರಾನಿಕ್ಸ್ ಮಕ್ಕಳಿಗೆ ಗೋಡೆಯಾಚೆಗಿನ ಲೋಕ.

ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ಖಾಲಿ ಡಬ್ಬಿ 18.20 ಗ್ರಾಂ. ಹಸಿ ಮಣ್ಣಿನೊಡನೆ 54.60. ಒಲೆಯಿಂದ ತೆಗೆದು ತಣಿಸಿದ ಮೇಲೆ 48.20. ನೀರು 6.40 ಗ್ರಾಂ, ಒಣ ಮಣ್ಣು 30.00 ಗ್ರಾಂ. ಭಾಗಿಸಿದರೆ ನೂರಕ್ಕೆ 21.3. ವಿದ್ಯಾರ್ಥಿಗಳು ಇಲ್ಲಿಗೇ ನಿಲ್ಲಿಸಿ ಇದನ್ನು ಸೆನ್ಸರಿನ ಅಂಕಿಯೊಡನೆ ಹೋಲಿಸುತ್ತಾರೆ, ಅದು ತಪ್ಪು. ಇದು ತೂಕದ ಲೆಕ್ಕ. ಸೆನ್ಸರ್ ನೋಡುವುದು ಗಾತ್ರವನ್ನು. ಒಂದು ಘನ ಸೆಂಟಿಮೀಟರಿನಲ್ಲಿ 1.25 ಗ್ರಾಂ ಒಣ ಮಣ್ಣು ಬರುವಂತೆ ಪೆಟ್ಟಿಗೆಯಲ್ಲಿ ಅದುಮಿದ್ದರೆ 21.3ನ್ನು 1.25ರಿಂದ ಗುಣಿಸಬೇಕು, ಆಗ 26.7 ಆಗುತ್ತದೆ. ಅದುಮುವುದು ಹೆಚ್ಚುಕಡಿಮೆಯಾದರೆ ಉತ್ತರವೂ ಹೆಚ್ಚುಕಡಿಮೆ. ಹಾಗಾಗಿ ಪ್ರತಿ ಸಲವೂ ಅಷ್ಟೇ ತೂಕದ ಮಣ್ಣನ್ನು ಅಷ್ಟೇ ಎತ್ತರಕ್ಕೆ ತುಂಬಬೇಕು. ಪೆಟ್ಟಿಗೆಯ ಒಳಗೋಡೆಯ ಮೇಲೆ ಮಾರ್ಕರಿನಿಂದ ಎಳೆದ ಗೆರೆ ಇಲ್ಲಿ ಮೈಕ್ರೋಕಂಟ್ರೋಲರಿನಷ್ಟೇ ಮುಖ್ಯದ ಉಪಕರಣ.

ಪ್ರಯೋಗದ ಗಾತ್ರದ ಬಗ್ಗೆ ಅವರ ಮೊದಲ ಅಂದಾಜು ಹೀಗಿತ್ತು: ಎರಡು ಮಣ್ಣು, ಆರು ಹಂತದ ತೇವ, ಪ್ರತಿಯೊಂದನ್ನೂ ಮೂರು ಸಲ. ಒಟ್ಟು 36 ಪೆಟ್ಟಿಗೆ. ಸೆನ್ಸರಿನ ಪಕ್ಕದಲ್ಲಿ ಸಾಕಷ್ಟು ಮಣ್ಣಿರಬೇಕಾದರೆ ಪೆಟ್ಟಿಗೆ ಎರಡು ಲೀಟರಿನದಾಗಬೇಕು, ಒಂದೊಂದಕ್ಕೂ ಎರಡೂವರೆ ಕಿಲೋ ಮಣ್ಣು. 36 ಪೆಟ್ಟಿಗೆಗೆ 90 ಕಿಲೋ! ಬಸ್ಸಿನಲ್ಲಿ ತರುವವರು ಯಾರು ಎಂದು ಕೇಳಿದಾಗ ಅವರೇ ದಾರಿ ಹುಡುಕಿಕೊಂಡರು. ಪೆಟ್ಟಿಗೆ ಆರೇ ಸಾಕು, ಮಣ್ಣೊಂದಕ್ಕೆ ಮೂರು. ಒಣ ಮಣ್ಣಿನಿಂದ ಶುರುಮಾಡಿ, ಪ್ರತಿ ಹಂತದಲ್ಲೂ ಮಣ್ಣನ್ನು ತಟ್ಟೆಗೆ ಸುರಿದು, ನೀರು ಬೆರೆಸಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ರಾತ್ರಿ ಬಿಟ್ಟು, ಮತ್ತೆ ತುಂಬುವುದು. ಜೇಡಿ ಮಣ್ಣಿಗೆ ಆ ರಾತ್ರಿ ಬೇಕೇಬೇಕು. ಬೆರೆಸಿದ ಕೂಡಲೇ ಅಳೆದರೆ ಹೊರಗೆ ಅಂಟು, ಒಳಗೆ ಒಣ ಉಂಡೆ. ಹದಿನೈದು ಕಿಲೋ ಮಣ್ಣು ಎರಡು ಚೀಲದಲ್ಲಿ ಬರುತ್ತದೆ. ಪ್ರತಿ ಹಂತಕ್ಕೆ ಒಲೆಗೆ ಹೋಗುವುದು ಆರೇ ಡಬ್ಬಿ. ಹಂತಕ್ಕೆ ಎರಡು ದಿನದಂತೆ ಹನ್ನೆರಡು ದಿನ. ನಾಲ್ಕು ಸೆನ್ಸರುಗಳಿಂದ ಓದಿದರೆ ಒಟ್ಟು 144 ಅಂಕಿಗಳು.

ಇಷ್ಟೆಲ್ಲ ಆದ ಮೇಲೆ ಒಂದು ವಾರ ಬಿಟ್ಟು ಎರಡನೇ ಪತ್ರ ಬಂತು. ಕನ್ನಡದಲ್ಲಿ ಅದರ ತಿರುಳು:

“ಇವರಿಗೆ: ಪ್ರಾಜೆಕ್ಟ್ ಮಾರ್ಗದರ್ಶಕರು, ಎಲೆಕ್ಟ್ರಾನಿಕ್ಸ್ ವಿಭಾಗ.

ಮಾನ್ಯರೇ,

ವಿಷಯ: ‘ಕಡಿಮೆ ಬೆಲೆಯ ಕೆಪಾಸಿಟಿವ್ ತೇವಾಂಶ ಸೆನ್ಸರನ್ನು ಎರೆ ಮತ್ತು ಕೆಂಪು ಮಣ್ಣಿಗೆ ಹೊಂದಿಸುವುದು’ ಎಂಬ ಪ್ರಾಜೆಕ್ಟಿಗೆ ಅನುಮೋದನೆ ಕೋರಿ.

ಈ ಸೆನ್ಸರುಗಳನ್ನು ಸಾಮಾನ್ಯವಾಗಿ ಗಾಳಿ ಮತ್ತು ನೀರು ಎಂಬ ಎರಡೇ ಬಿಂದುಗಳ ಮೇಲೆ ಹೊಂದಿಸಲಾಗುತ್ತದೆ. ಹೀಗೆ ಹೊಂದಿಸಿದ ಸೆನ್ಸರ್ ಎರೆ ಹೊಲದಲ್ಲಿ ಒಂದೇ ಜಾಗಕ್ಕೆ ಬೇರೆ ಬೇರೆ ಅಂಕಿ ಕೊಟ್ಟದ್ದನ್ನು ನಾವು ನೋಡಿದ್ದೇವೆ. ಎರಡು ಮಣ್ಣಿಗೂ ಒಂದೇ ಸಮೀಕರಣ ಬಳಸಿದಾಗ ಗಾತ್ರದ ತೇವಾಂಶದಲ್ಲಿ ಬರುವ ಸರಾಸರಿ ತಪ್ಪು ಎಷ್ಟು, ಪ್ರತ್ಯೇಕ ಸಮೀಕರಣ ಬಳಸಿದಾಗ ಎಷ್ಟು ಎಂದು ಅಳೆಯುವುದು ನಮ್ಮ ಉದ್ದೇಶ.

ಮಣ್ಣೊಂದಕ್ಕೆ ಮೂರು ಪೆಟ್ಟಿಗೆ, ಆರು ಹಂತದ ತೇವ, ನಾಲ್ಕು ಸೆನ್ಸರ್. ಹೋಲಿಕೆಗೆ ಒಲೆಯಲ್ಲಿ ಒಣಗಿಸಿದ ತೂಕ. ಎರಡು ಪೆಟ್ಟಿಗೆಗಳಿಂದ ಸಮೀಕರಣ ಮಾಡಿ, ಮೂರನೆಯದರ ಮೇಲೆ ಪರೀಕ್ಷಿಸುತ್ತೇವೆ. ಒಂದೇ ಸಮೀಕರಣದ ತಪ್ಪು 4 ಪಾಲಿಗಿಂತ ಕಡಿಮೆಯಿದ್ದರೆ ಪ್ರತ್ಯೇಕ ಸಮೀಕರಣ ಬೇಕಿಲ್ಲ ಎಂದು ತೀರ್ಮಾನಿಸಿ, ಅದನ್ನೇ ಫಲಿತಾಂಶವಾಗಿ ಬರೆಯುತ್ತೇವೆ.

ಬಿರುಕು ಬಿಟ್ಟ ಎರೆ ಮಣ್ಣು, ಲವಣ ಹೆಚ್ಚಿರುವ ಮಣ್ಣು, ಮತ್ತು ಉಷ್ಣತೆಯ ಪರಿಣಾಮ ಈ ಪ್ರಾಜೆಕ್ಟಿನಲ್ಲಿ ಸೇರಿಲ್ಲ.

ಇಬ್ಬರು ಮಣ್ಣಿನ ತಯಾರಿ ಮತ್ತು ಒಲೆಯ ಕೆಲಸ, ಒಬ್ಬರು ಸರ್ಕ್ಯೂಟ್ ಮತ್ತು ದಾಖಲೆ, ಒಬ್ಬರು ಲೆಕ್ಕ ನೋಡಿಕೊಳ್ಳುತ್ತಾರೆ. ವೆಚ್ಚ ಸುಮಾರು ₹1,800. ಅಳತೆ ಅಕ್ಟೋಬರ್ ಕೊನೆಗೆ ಮುಗಿಯುತ್ತದೆ.

ತಮ್ಮಿಂದ ಎರಡು ವಿಷಯ ಕೋರುತ್ತೇವೆ: ಶೀರ್ಷಿಕೆಗೆ ಒಪ್ಪಿಗೆ, ಮತ್ತು ಸಿವಿಲ್ ವಿಭಾಗದ ಒಲೆ, ತಕ್ಕಡಿಯನ್ನು ಹನ್ನೆರಡು ದಿನ ಬಳಸಲು ಆ ವಿಭಾಗದ ಮುಖ್ಯಸ್ಥರಿಗೆ ತಮ್ಮ ಸಹಿಯ ಪತ್ರ. ಪ್ರಯೋಗಾಲಯದ ಸಿಬ್ಬಂದಿಯನ್ನು ಕೇಳಿದ್ದೇವೆ. ಪ್ರಾಯೋಗಿಕ ತರಗತಿಗಳಿಲ್ಲದ ದಿನ ಬರಬಹುದು ಎಂದಿದ್ದಾರೆ.”

ಪತ್ರ ಒಂದೇ ಪುಟದಲ್ಲಿ ಮುಗಿದಿತ್ತು. ಇದನ್ನು ಓದುವಾಗ ಗೈಡಿನ ಕಣ್ಣು ಎಲ್ಲೆಲ್ಲಿ ನಿಲ್ಲುತ್ತದೆ ಎಂದು ಹೇಳುತ್ತೇನೆ, ಏಕೆಂದರೆ ವಿದ್ಯಾರ್ಥಿಗಳು ಅಂದುಕೊಳ್ಳುವ ಜಾಗದಲ್ಲಿ ಅದು ನಿಲ್ಲುವುದಿಲ್ಲ. ಶೀರ್ಷಿಕೆಯನ್ನು ನಾನು ಕೊನೆಗೆ ಓದುತ್ತೇನೆ. ಮೊದಲು ಹುಡುಕುವುದು ‘ಸೇರಿಲ್ಲ’ ಎಂಬ ಸಾಲನ್ನು. ಏನು ಮಾಡುವುದಿಲ್ಲ ಎಂದು ಬರೆಯಬಲ್ಲವನಿಗೆ ಏನು ಮಾಡುತ್ತಾನೆ ಎಂಬುದು ಗೊತ್ತಿರುತ್ತದೆ. ಇಲ್ಲಿ ಬಿರುಕನ್ನು ಹೊರಗಿಟ್ಟಿದ್ದಾರೆ. ಹಾಗೆ ನೋಡಿದರೆ ಹೊಲದಲ್ಲಿ ಅದೇ ದೊಡ್ಡ ತೊಂದರೆ, ಅವರ ಪ್ರಶ್ನೆ ಹುಟ್ಟಿದ್ದೂ ಅಲ್ಲಿಂದಲೇ. ಆದರೆ ಬಿರುಕನ್ನು ಪೆಟ್ಟಿಗೆಯಲ್ಲಿ ಬೇಕೆಂದ ಹಾಗೆ ಮಾಡಲಾಗದು, ಅಳೆಯಲೂ ಆಗದು. ಹೊರಗಿಟ್ಟು, ಹೊರಗಿಟ್ಟಿದ್ದೇವೆ ಎಂದು ಹೇಳುವುದೇ ಪ್ರಾಮಾಣಿಕ ದಾರಿ. ಪರೀಕ್ಷಕರು ಕೇಳಿದಾಗ ತೋರಿಸಲು ಒಂದು ಸಾಲಿರುತ್ತದೆ.

ಆಮೇಲೆ ಕಣ್ಣು ನಿಂತದ್ದು ‘4 ಪಾಲಿಗಿಂತ ಕಡಿಮೆಯಿದ್ದರೆ’ ಎಂಬಲ್ಲಿ. ಇದು ಇಡೀ ಪತ್ರದ ಬೆನ್ನೆಲುಬು. ಅಳೆಯುವ ಮೊದಲೇ ಸೋಲು ಗೆಲುವಿನ ಗೆರೆ ಎಳೆದಿದ್ದಾರೆ. ಗೆರೆ ಇಲ್ಲದಿದ್ದರೆ ಏನಾಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು: ಏಪ್ರಿಲ್‌ನಲ್ಲಿ ಬಂದ ಅಂಕಿ ಎಷ್ಟೇ ಇರಲಿ, ವರದಿಯಲ್ಲಿ ‘ಉತ್ತಮ ಫಲಿತಾಂಶ’ ಎಂದು ಬರೆಯುತ್ತಾರೆ. ಇಲ್ಲಿ ಎರಡು ಮಣ್ಣಿಗೂ ಒಂದೇ ಸಮೀಕರಣ ಸಾಕಾದರೂ ಪ್ರಾಜೆಕ್ಟ್ ಸೋಲುವುದಿಲ್ಲ, ಏಕೆಂದರೆ ಅದೂ ಒಂದು ಉತ್ತರವೆಂದು ಮೊದಲೇ ಬರೆದುಕೊಟ್ಟಿದ್ದಾರೆ. 4 ಎಲ್ಲಿಂದ ಬಂತು ಎಂದು ಕೇಳಿದೆ. “ಐದಕ್ಕೆ ಅರವತ್ತು ಸಾವಿರ ಲೀಟರ್ ಹೋಗುತ್ತಿತ್ತಲ್ಲ ಸರ್, ಅದಕ್ಕಿಂತ ಕಡಿಮೆ ಇರಲಿ ಎಂದು” ಎಂದರು. ಕಾರಣ ಒರಟು, ಆದರೂ ಕಾರಣ.

ಮೂರನೇ ಪೆಟ್ಟಿಗೆಯ ಮೇಲೆ ಪರೀಕ್ಷೆ ಎನ್ನುವುದು ಸಣ್ಣ ಮಾತಾಗಿ ಕಾಣುತ್ತದೆ. ಯಾವ ಅಂಕಿಗಳಿಂದ ಸಮೀಕರಣ ಮಾಡಿದೆವೋ ಅದೇ ಅಂಕಿಗಳ ಮೇಲೆ ಪರೀಕ್ಷಿಸಿದರೆ ಅದು ಯಾವಾಗಲೂ ಚೆನ್ನಾಗಿ ಕೂರುತ್ತದೆ. ತಾನೇ ಬರೆದ ಉತ್ತರಪತ್ರಿಕೆಯನ್ನು ತಾನೇ ತಿದ್ದಿದ ಹಾಗೆ. ಪತ್ರದಲ್ಲೇ ಇದು ಬಂದಿದ್ದರಿಂದ ನಾನು ಒಂದು ಮಾತು ಹೇಳುವುದು ತಪ್ಪಿತು.

ಕೊನೆಯ ಪ್ಯಾರಾವನ್ನು ಹೆಚ್ಚಿನ ತಂಡಗಳು ಬರೆಯುವುದೇ ಇಲ್ಲ. ‘ಅನುಮೋದನೆ ನೀಡಿ’ ಎನ್ನುತ್ತಾರೆ, ಅನುಮೋದನೆಯ ಜೊತೆಗೆ ಗೈಡ್ ಏನು ಮಾಡಿಕೊಡಬೇಕು ಎಂದು ಹೇಳುವುದಿಲ್ಲ. ನವೆಂಬರಿನಲ್ಲಿ ಬಂದು, “ಸಿವಿಲ್ ವಿಭಾಗದವರು ಒಲೆ ಕೊಡುತ್ತಿಲ್ಲ ಸರ್” ಎನ್ನುತ್ತಾರೆ. ಅವರು ಏಕೆ ಕೊಡಬೇಕು? ಅವರ ವಿದ್ಯಾರ್ಥಿಗಳ ಡಬ್ಬಿಗಳು ಒಳಗಿರುತ್ತವೆ. ಅಪರಿಚಿತರು ಬಾಗಿಲು ತೆಗೆದರೆ ಉಷ್ಣತೆ ಇಳಿಯುತ್ತದೆ, ಎರಡೂ ಕಡೆಯ ಫಲಿತಾಂಶ ಕೆಡುತ್ತದೆ. ಇಲ್ಲಿ ತಂಡ ಮೊದಲೇ ಸಿಬ್ಬಂದಿಯ ಬಳಿ ಹೋಗಿ ಬಂದಿದೆ. ಪತ್ರದ ಉಳಿದ ಸಾಲುಗಳನ್ನು ಕುಳಿತಲ್ಲೇ ಬರೆಯಬಹುದು, ಆ ಸಾಲನ್ನು ಮೆಟ್ಟಿಲು ಇಳಿದು ಹೋಗದೆ ಬರೆಯಲಾಗದು.

ಬೇಸ್ ಪೇಪರ್ ಬಗ್ಗೆ ಒಂದು ಮಾತು. ಪ್ರತಿ ತಂಡವೂ ತನ್ನ ಪ್ರಾಜೆಕ್ಟಿಗೆ ಆಧಾರವಾದ ಒಂದು ಸಂಶೋಧನಾ ಪ್ರಬಂಧವನ್ನು ಲಗತ್ತಿಸಬೇಕೆಂಬ ರೂಢಿ ನಮ್ಮಲ್ಲಿದೆ. ಮೊದಲ ಪತ್ರಕ್ಕೂ ಒಂದು ಲಗತ್ತಾಗಿತ್ತು, ಶೀರ್ಷಿಕೆ ಹೋಲುತ್ತದೆ ಎಂಬ ಒಂದೇ ಕಾರಣಕ್ಕೆ. ಪ್ರಬಂಧದಿಂದ ಬೇಕಾದದ್ದು ಶೀರ್ಷಿಕೆಯಲ್ಲ: ಅವರು ಯಾವ ಮಣ್ಣಿನಲ್ಲಿ, ಯಾವ ಒಲೆಯ ಕ್ರಮದಲ್ಲಿ, ಎಷ್ಟು ತಪ್ಪಿನೊಳಗೆ ಅಳೆದರು ಎಂಬ ಮೂರ್ನಾಲ್ಕು ಸಾಲು ಸಾಕು. ಹಾಗೆಯೇ ಅಂಗಡಿಯಲ್ಲಿ ರೆಡಿಮೇಡ್ ಪ್ರಾಜೆಕ್ಟ್ ಕೊಳ್ಳುವವರು ಇಂಥ ಪತ್ರ ಬರೆಯಲಾರರು. ಪೆಟ್ಟಿಗೆಯ ಮೇಲಿನ ಮಾರ್ಕರ್ ಗೆರೆಯನ್ನು ಯಾರೂ ಮಾರುವುದಿಲ್ಲ.

ನಾನು ಕೂಡಲೇ ಸಹಿ ಹಾಕಲಿಲ್ಲ, ಅಂಚಿನಲ್ಲಿ ಪೆನ್ಸಿಲಿನಿಂದ ಮೂರು ಟಿಪ್ಪಣಿ ಬರೆದೆ. ಒಂದು, ಗಾಳಿಯಲ್ಲಿ ಒಣಗಿದ ಎರೆ ಮಣ್ಣಿನಲ್ಲೂ ನೀರಿರುತ್ತದೆ. ಆದ್ದರಿಂದ ‘ಇಷ್ಟು ಮಿಲಿಲೀಟರ್ ಬೆರೆಸಿದೆವು’ ಎಂಬುದನ್ನು ನಂಬದೆ ಪ್ರತಿ ಹಂತವನ್ನೂ ಒಲೆಯಿಂದಲೇ ತಿಳಿಯಿರಿ. ಎರಡು, ಇಎಸ್‌ಪಿ32 ಮೈಕ್ರೋಕಂಟ್ರೋಲರ್ ಬೋರ್ಡಿನಲ್ಲಿ ವೋಲ್ಟೇಜನ್ನು ಅಂಕಿಯಾಗಿಸುವ ಎರಡು ಎಡಿಸಿ ಇವೆ. ವೈಫೈ ಚಾಲೂ ಇರುವಾಗ ಎರಡನೆಯದರ ಮೇಲೆ ಭರವಸೆ ಇಡುವಂತಿಲ್ಲ, ಸೆನ್ಸರುಗಳನ್ನು ಮೊದಲನೆಯದಕ್ಕೆ ಜೋಡಿಸಿ. ಮೂರು, ಸೆನ್ಸರ್ ಹಲಗೆಯ ಕತ್ತರಿಸಿದ ಅಂಚುಗಳಿಗೆ ವಾರ್ನಿಶ್ ಬಳಿಯಿರಿ. ಅಂಚಿನ ಮೂಲಕ ನೀರು ಒಳಗೆ ಹೀರಿಕೊಂಡು ಹನ್ನೆರಡು ದಿನದೊಳಗೆ ಅಂಕಿ ಸರಿಯತೊಡಗಬಹುದು. ಅದು ಮಣ್ಣಿನ ಗುಣವೋ ಸೆನ್ಸರಿನ ಜ್ವರವೋ ಆಮೇಲೆ ಹೇಳಲಾಗದು. ಸರಿಯುತ್ತಿದೆಯೇ ಎಂದು ತಿಳಿಯಲು ಪ್ರತಿದಿನ ಬೆಳಿಗ್ಗೆ ಕೆಲಸ ಶುರುಮಾಡುವ ಮೊದಲು ನಾಲ್ಕೂ ಸೆನ್ಸರುಗಳನ್ನು ಗಾಳಿಯಲ್ಲಿ ಒಮ್ಮೆ, ಲೋಟದ ನೀರಿನಲ್ಲಿ ಒಮ್ಮೆ ಓದಿ ಬರೆದಿಟ್ಟುಕೊಳ್ಳಿ ಎಂದೆ. ಅವರ ಮೊದಲ ಪ್ರೋಗ್ರಾಂನ 3200 ಮತ್ತು 1400 ಕೊನೆಗೂ ಒಂದು ಕೆಲಸಕ್ಕೆ ಬಂದವು.

ಅವರು ಟಿಪ್ಪಣಿಗಳನ್ನು ಓದಿದರು. ಸರ್ಕ್ಯೂಟ್ ನೋಡಿಕೊಳ್ಳುವ ಹುಡುಗ ಬ್ಯಾಗಿನಿಂದ ನಾಲ್ಕು ಸೆನ್ಸರ್ ತೆಗೆದು ಮೇಜಿನ ಮೇಲಿಟ್ಟ. ಎಲ್ಲವೂ ಒಂದೇ ಥರ, ಯಾವುದು ಯಾವುದೆಂದು ಹೇಳಲಾಗದು. ಮೇಜಿನ ಡ್ರಾಯರಿನಿಂದ ಕೆಂಪು ಮಾರ್ಕರ್ ತೆಗೆದುಕೊಟ್ಟೆ. ಅವನು 1, 2, 3, 4 ಎಂದು ಬರೆಯುವಷ್ಟರಲ್ಲಿ ನಾನು ಸಹಿ ಹಾಕಿ ದಿನಾಂಕ ನಮೂದಿಸಿದೆ.